ಅಳತೆ ಪಟ್ಟಿ ಮೊದಲು, ಪ್ಯಾಕೆಟ್ ಆಮೇಲೆ: ನಾಲ್ಕು ಊರಿನ ಬಟ್ಟೆ ಅಂಗಡಿಯವರಿಗೆ ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದಲ್ಲಿ ಹೆಂಗಸರ ಒಳಉಡುಪು ಮಾರುವ ಎಲ್ಲ ಅಂಗಡಿ ಮಾಲೀಕರಿಗೆ, ಕೌಂಟರಿನ ಹಿಂದೆ ನಿಲ್ಲುವ ಹುಡುಗ ಹುಡುಗಿಯರಿಗೆ,

ನಾನು ರವಿಕೆ ಹೊಲಿಯುವವಳು. ನಿಮ್ಮಲ್ಲಿ ಕೊಂಡದ್ದನ್ನು ಒಳಗೆ ತೊಟ್ಟು, ನನ್ನಲ್ಲಿ ಹೊಲಿಸಿದ್ದನ್ನು ಮೇಲೆ ತೊಡುವ ಹೆಂಗಸರು ಈ ನಾಲ್ಕೂ ಊರಿನಲ್ಲಿದ್ದಾರೆ. ನಾವಿಬ್ಬರೂ ಒಂದೇ ಮೈಗೆ ಕೆಲಸ ಮಾಡುತ್ತೇವೆ, ಆದರೆ ಒಂದು ದಿನವೂ ಮಾತಾಡಿಕೊಂಡಿಲ್ಲ. ಆ ಮಾತು ಆಗದೇ ಇರುವುದರಿಂದ ಏನು ಕೆಡುತ್ತದೆ ಎಂಬುದನ್ನು ಒಂದು ರವಿಕೆಯ ಕಥೆಯಿಂದಲೇ ಹೇಳುತ್ತೇನೆ. ಕೊಳ್ಳುವ ಅಕ್ಕತಂಗಿಯರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ಮದುವೆ ಕಾಲದಲ್ಲಿ ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು ಮುಹೂರ್ತದ ಸೀರೆಯ ರವಿಕೆ ಹೊಲಿಯಲು ಕೊಟ್ಟಳು. ರೇಷ್ಮೆ ಸೀರೆಯ ತುದಿಯಲ್ಲೇ ಬಂದ ಬ್ಲೌಸ್ ಪೀಸು, ಕತ್ತರಿಸಿದ ಮೇಲೆ ಮತ್ತೆ ಸಿಗುವಂಥದ್ದಲ್ಲ. ಅಳತೆ ತೆಗೆದ ದಿನ ಅವಳು ದಿನಾ ಹಾಕಿಕೊಳ್ಳುವ ಹಳೆಯ ಹತ್ತಿ ಬ್ರಾ ತೊಟ್ಟಿದ್ದಳು. ಎದೆ ಸುತ್ತಳತೆ 36 ಇಂಚು ಬಂತು. ಭುಜದಿಂದ ಎದೆಯ ತುದಿಗೆ, ಅಂದರೆ ನಾವು ಟಕ್ಸ್ ಪಾಯಿಂಟ್ ಅನ್ನುವ ಜಾಗಕ್ಕೆ, ಹತ್ತೂವರೆ ಇಂಚು ಬಂತು. ಅದರಂತೆಯೇ ಕತ್ತರಿಸಿ ಹೊಲಿದೆ.

ಮದುವೆಗೆ ಹತ್ತು ದಿನ ಇದ್ದಾಗ ಟ್ರಯಲ್ ನೋಡಲು ಬಂದಳು. ಮದುವೆಗೆಂದೇ ಹೊಸ ಬ್ರಾ ಕೊಂಡು ತೊಟ್ಟಿದ್ದಳು. ದಪ್ಪ ಪ್ಯಾಡು, ಕಪ್ಪಿನ ಮೇಲಂಚಿಗೆ ಲೇಸು. ರವಿಕೆಯ ಹುಕ್ಕು ಹಾಕಲು ಇಬ್ಬರು ಬೇಕಾಯಿತು. ಎದೆಯ ಮೇಲೆ ಲೇಸಿನ ಗೀಟು ಅಡ್ಡಡ್ಡ ಎದ್ದು ಕಾಣುತ್ತಿತ್ತು. ಟಕ್ಸಿನ ತುದಿಗಳು ಎದೆಯ ತುದಿಗಿಂತ ಕೆಳಗೆ ಬಿದ್ದು ಅಲ್ಲಿ ಬಟ್ಟೆ ಖಾಲಿಯಾಗಿ ಮಡಿಚಿಕೊಂಡಿತ್ತು. ಹಿಂದೆ, ಆಳ ಕತ್ತಿನ ಕೆಳಗೆ, ಬ್ರಾದ ಪಟ್ಟಿ ಒಂದು ಇಂಚು ಹೊರಗೆ ಇಣುಕುತ್ತಿತ್ತು. ಅವಳ ಅಮ್ಮ ನನ್ನ ಮುಖ ನೋಡಿದರು. "ಅಕ್ಕ, ಅಳತೆ ತಪ್ಪಿದ್ಯಾ?" ಅಂದಳು ಹುಡುಗಿ.

ಅಳತೆ ತಪ್ಪಿರಲಿಲ್ಲ. ಅಳತೆ ತೆಗೆದದ್ದು ಒಂದು ಆಕಾರಕ್ಕೆ, ತೊಡಿಸಿದ್ದು ಇನ್ನೊಂದು ಆಕಾರಕ್ಕೆ. ಹೊಸ ಬ್ರಾದಲ್ಲಿ ಅಳೆದಾಗ ಸುತ್ತಳತೆ ಮೂವತ್ತೇಳೂವರೆ, ಟಕ್ಸ್ ಪಾಯಿಂಟ್ ಒಂಬತ್ತೂ ಮುಕ್ಕಾಲು. ಸುತ್ತಳತೆಯಲ್ಲಿ ಒಂದೂವರೆ ಇಂಚು ಹೆಚ್ಚು, ತುದಿ ಮುಕ್ಕಾಲು ಇಂಚು ಮೇಲೆ. ಮೈಗಂಟಿ ಕೂರುವ ರವಿಕೆಯಲ್ಲಿ ನಾವು ಬಿಡುವ ಸಡಿಲ ಒಂದು ಇಂಚನ್ನೂ ದಾಟುವುದಿಲ್ಲ. ಹೀಗಾಗಿ ಒಳಗಿನದು ಬದಲಾದರೆ ಹೊರಗಿನದು ಕೆಡಲೇಬೇಕು.

ತಪ್ಪಿಗೆ ಮೂಲ ಅವಳ ಹಳೆಯ ಬ್ರಾದಲ್ಲೇ ಇತ್ತು. ಅದರ ಚೀಟಿಯಲ್ಲಿ 36 ಬಿ ಎಂದಿತ್ತು. ಹೊಸದನ್ನು ಕೊಳ್ಳುವಾಗ ಅಂಗಡಿಯಲ್ಲಿ "ಸೈಜು?" ಎಂದು ಕೇಳಿದ್ದಾರೆ, ಅವಳು "ಮೂವತ್ತಾರು" ಎಂದಿದ್ದಾಳೆ, ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾರೆ. ಎರಡು ನಿಮಿಷದ ವ್ಯಾಪಾರ. ಅಷ್ಟು ಹೊತ್ತೂ ಅವಳು ತಲೆ ಎತ್ತಿರಲಿಲ್ಲವಂತೆ. ಅವಳನ್ನು ನಾನು ಪರದೆಯ ಹಿಂದೆ ನಿಲ್ಲಿಸಿ ಟೇಪು ಹಿಡಿದೆ.

ಮೊದಲ ಅಳತೆ ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ. ಟೇಪು ನೆಲಕ್ಕೆ ಸಮವಾಗಿ, ಬೆನ್ನ ಹಿಂದೆ ಜಾರದ ಹಾಗೆ, ಉಸಿರು ಬಿಟ್ಟ ಮೇಲೆ ಬಿಗಿಯಾಗಿ. ಅವಳಿಗೆ 29 ಬಂತು. ಎರಡನೆಯದು ಎದೆಯ ತುಂಬಿದ ಜಾಗದ ಸುತ್ತ, ಟೇಪು ಒತ್ತದ ಹಾಗೆ, ಪ್ಯಾಡಿಲ್ಲದ ಬ್ರಾದ ಭುಜದ ಪಟ್ಟಿಯನ್ನು ಸರಿಯಾಗಿ ಎತ್ತಿಕೊಂಡು. ಅದು 37. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಪ್ಯಾಕೆಟ್ಟಿನ ಲೆಕ್ಕ ಇಷ್ಟೇ: ಕೆಳಗಿನ ಅಳತೆ ಬೆಸ ಸಂಖ್ಯೆಯಾದರೆ 5 ಕೂಡಿಸಿ, ಸಮ ಸಂಖ್ಯೆಯಾದರೆ 4 ಕೂಡಿಸಿ. 29ಕ್ಕೆ 5 ಕೂಡಿದರೆ 34. ಇದು ಪಟ್ಟಿಯ ಸೈಜು. ಇನ್ನು ಎದೆಯ ಅಳತೆಯಿಂದ ಈ 34ನ್ನು ಕಳೆಯಿರಿ. ಒಂದು ಇಂಚು ಉಳಿದರೆ ಎ, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ. 37ರಲ್ಲಿ 34 ಕಳೆದರೆ ಮೂರು. ಅವಳು ತೊಡಬೇಕಾದ್ದು 34 ಸಿ.

ಇಲ್ಲೊಂದು ವಿಷಯವನ್ನು ಕೌಂಟರಿನವರು ಗಮನಿಸಬೇಕು. 36 ಬಿ ಮತ್ತು 34 ಸಿ ಎರಡರ ಕಪ್ಪಿಗೂ ಹಿಡಿಯುವುದು ಹೆಚ್ಚುಕಡಿಮೆ ಒಂದೇ ಗಾತ್ರ. ಅಕ್ಷರದ ಅರ್ಥ ಪಟ್ಟಿಯ ಸೈಜಿನ ಜೊತೆ ಸೇರಿಯೇ ಹೊರತು ಒಂಟಿಯಾಗಿ ಅಲ್ಲ. ಆದ್ದರಿಂದಲೇ ಆ ಹುಡುಗಿಗೆ ಇಷ್ಟು ವರ್ಷ 36 ಬಿ "ಸರಿಯಾಗಿದೆ" ಎಂದೇ ಅನ್ನಿಸಿತ್ತು. ಮುಂದೆ ಕಪ್ಪು ತುಂಬಿ ಕೂರುತ್ತಿತ್ತು, ಸಡಿಲವಾದದ್ದು ಬೆನ್ನ ಪಟ್ಟಿ ಮಾತ್ರ. ಎದೆಯ ಭಾರ ಹೊರಬೇಕಾದ್ದು ಆ ಪಟ್ಟಿಯೇ. ಅದು ಸಡಿಲವಾದರೆ ಬೆನ್ನ ಮೇಲೆ ಏರುತ್ತದೆ, ಹಿಂದೆ ಏರಿದಷ್ಟೂ ಮುಂದೆ ಎದೆ ಇಳಿಯುತ್ತದೆ. ಇಳಿದದ್ದನ್ನು ಎತ್ತಲು ಅವಳು ಭುಜದ ಪಟ್ಟಿ ಬಿಗಿಮಾಡಿಕೊಳ್ಳುತ್ತಾಳೆ, ಭುಜದಲ್ಲಿ ಗುಳಿ ಬೀಳುತ್ತದೆ. ನಾನು ಅಳತೆ ತೆಗೆದಾಗ ಹತ್ತೂವರೆ ಬಂದದ್ದೂ ಆಳ ಕತ್ತಿನಲ್ಲಿ ಪಟ್ಟಿ ಇಣುಕಿದ್ದೂ ಒಂದೇ ಕಾರಣಕ್ಕೆ. ಆಳ ಕತ್ತಿನ ರವಿಕೆಯಲ್ಲಿ ಬೆನ್ನ ಕೆಳಗೆ ಉಳಿಯುವ ಬಟ್ಟೆ ಮೂರು ನಾಲ್ಕು ಇಂಚು. ಎರಡು ಇಂಚಿನ ಪಟ್ಟಿ ಮುಂದಿನಷ್ಟೇ ಎತ್ತರದಲ್ಲಿ ಅಡ್ಡವಾಗಿ ಕೂತರೆ ಅದರೊಳಗೆ ಅಡಗುತ್ತದೆ, ಮೇಲೇರಿದರೆ ಅಡಗುವುದಿಲ್ಲ.

ಇದನ್ನು ಕಂಡುಹಿಡಿಯಲು ಬೆನ್ನು ನೋಡಿಕೊಳ್ಳುವ ಕನ್ನಡಿ ಬೇಕಿಲ್ಲ. ಎರಡೂ ಕೈ ಮೇಲೆತ್ತಿ ಇಳಿಸಿದಾಗ ಪಟ್ಟಿ ಇದ್ದಲ್ಲೇ ಇದ್ದರೆ ಸರಿ. ಹೊಸ ಬ್ರಾವನ್ನು ಕೊನೆಯ, ಅಂದರೆ ತೀರ ಸಡಿಲದ ಹುಕ್ಕಿಗೆ ಹಾಕಿದಾಗ ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಅದಕ್ಕಿಂತ ಹೆಚ್ಚು ಜಾಗ ಇರಬಾರದು. ಕೊನೆಯ ಹುಕ್ಕೇ ಏಕೆಂದರೆ ಎಲಾಸ್ಟಿಕ್ ತಿಂಗಳುಗಳು ಕಳೆದಂತೆ ಸಡಿಲವಾಗುತ್ತದೆ, ಆಗ ಒಳಗಿನ ಸಾಲುಗಳಿಗೆ ಸರಿಯಲು ಜಾಗ ಬೇಕು. ಮೊದಲ ದಿನವೇ ತೀರ ಒಳಗಿನ ಹುಕ್ಕಿಗೆ ಹಾಕಿದರೆ ಮಾತ್ರ ಬಿಗಿ ಅನ್ನಿಸುವ ಬ್ರಾ ಅವಳದಲ್ಲ, ದೊಡ್ಡದು. ಕಪ್ಪಿನ ಮೇಲಂಚು ಮಾಂಸವನ್ನು ಕತ್ತರಿಸಿ ಉಬ್ಬಿಸಿದರೆ ಕಪ್ಪು ಚಿಕ್ಕದು. ಮೇಲಂಚಿನಲ್ಲಿ ಬಟ್ಟೆ ಬಾಯಿ ಬಿಟ್ಟರೆ ಕಪ್ಪು ದೊಡ್ಡದು, ಇಲ್ಲವೇ ಆ ಆಕಾರ ಅವಳದಲ್ಲ. ರವಿಕೆಯ ಮೇಲೆ ಕಾಣುವ ಗೀಟುಗಳಲ್ಲಿ ಬಹುಪಾಲು ಹುಟ್ಟುವುದು ಈ ತಪ್ಪಿದ ಸೈಜಿನಿಂದಲೇ.

ಸೈಜು ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಮೇಲೆ ಏನು ತೊಡುತ್ತಾಳೆ? ನನ್ನ ಇಷ್ಟು ವರ್ಷದ ಹೊಲಿಗೆಯಿಂದ ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬಿಗಿಯಾದ ರವಿಕೆ ಅಂಚನ್ನು ತೋರಿಸುತ್ತದೆ, ತೆಳು ಕುರ್ತಾ ಬಣ್ಣವನ್ನು ತೋರಿಸುತ್ತದೆ. ರವಿಕೆಗೆ ಲೈನಿಂಗ್ ಇರುತ್ತದೆ, ಒಳಗೆ ಯಾವ ಬಣ್ಣವಿದ್ದರೂ ಮುಚ್ಚಿಹೋಗುತ್ತದೆ. ಆದರೆ ಅದು ಮೈಗೆ ಎಳೆದು ಕೂತಿರುವುದರಿಂದ ಒಳಗಿನ ಪ್ರತಿ ಹೊಲಿಗೆಯೂ ಮೇಲೆ ಮೂಡುತ್ತದೆ. ಕುರ್ತಾ ಮೈಯಿಂದ ದೂರ ನಿಲ್ಲುತ್ತದೆ, ಹೊಲಿಗೆ ಕಾಣುವುದಿಲ್ಲ. ಆದರೆ ಲೈನಿಂಗ್ ಇಲ್ಲದ ತೆಳು ಬಟ್ಟೆಯ ಮೂಲಕ ಬಣ್ಣ ತೂರಿ ಬರುತ್ತದೆ. ಎರಡಕ್ಕೂ ಒಂದೇ ಬ್ರಾ ಸಾಕೆಂದು ಮಾರಿದಾಗ ಎರಡರಲ್ಲೊಂದು ಕೆಡುತ್ತದೆ.

ರವಿಕೆಯ ಮಾತು ಮೊದಲು. ಬಟ್ಟೆ ಹೊಳೆದಷ್ಟೂ ಅಂಚು ಹೆಚ್ಚು ಕಾಣುತ್ತದೆ, ಏಕೆಂದರೆ ನಯವಾದ ಮೇಲ್ಮೈಯಲ್ಲಿ ಬೆಳಕು ಒಂದೇ ಕಡೆಗೆ ಹೊಳೆದು ಸಣ್ಣ ಉಬ್ಬಿಗೂ ಪಕ್ಕದಲ್ಲೊಂದು ನೆರಳು ಬೀಳುತ್ತದೆ. ನುಣುಪು ರೇಷ್ಮೆ, ಸ್ಯಾಟಿನ್ ಇವು ಏನನ್ನೂ ಮುಚ್ಚಿಡುವುದಿಲ್ಲ. ಗಂಟುಗಂಟಾದ ದಪ್ಪ ರಾ ಸಿಲ್ಕ್, ಮಂಕು ಹತ್ತಿ ಬಟ್ಟೆ ಇವು ಸಾಕಷ್ಟು ಕ್ಷಮಿಸುತ್ತವೆ. ರೇಷ್ಮೆಗೂಡಿನ ಮಾರುಕಟ್ಟೆಯ ಊರಾದ ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲಿನಲ್ಲಿ ಒಂದು ಗಂಟು ಉಳಿದರೆ ಬಟ್ಟೆಯಲ್ಲಿ ಅದು ಹೇಗೆ ಎದ್ದು ಕಾಣುತ್ತದೆ ಎಂದು ಬಿಚ್ಚಾಣಿಕೆ ಮನೆಯ ಹೆಂಗಸರಿಗೆ ನನಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ರೇಷ್ಮೆ ರವಿಕೆಯ ಒಳಗೆ ಬೇಕಾದದ್ದು ಕಪ್ಪಿನ ನಡುವೆ ಹೊಲಿಗೆ ಹಾಯದ, ಅಚ್ಚಿನಲ್ಲಿ ಒತ್ತಿ ಆಕಾರ ಕೊಟ್ಟ ಕಪ್ಪಿನ ಬ್ರಾ. ನಿಮ್ಮಲ್ಲಿ ಅದನ್ನು ಟೀ ಶರ್ಟ್ ಬ್ರಾ ಅಥವಾ ಸೀಮ್‌ಲೆಸ್ ಎಂದು ಕೇಳುತ್ತಾರೆ. ಮೇಲಂಚು ಬೆರಳು ಆಡಿಸಿದರೆ ತಡೆಯದಷ್ಟು ತೆಳುವಾಗಿ ಮುಗಿಯಬೇಕು. ಲೇಸು, ಬೋ, ನಡುವಿನ ಮಣಿ ಯಾವುದೂ ಬೇಡ. ಪ್ಯಾಕೆಟ್ ಬಿಚ್ಚಿ ಕಪ್ಪನ್ನು ಮುಷ್ಟಿಯ ಮೇಲೆ ಬೋರಲು ಹಾಕಿ, ಅದರ ಮೇಲೆ ಒಂದು ರೇಷ್ಮೆ ತುಂಡನ್ನು ಎಳೆದು ಹಿಡಿಯಿರಿ. ಮೂಡುವ ಗೀಟು ಅಲ್ಲೇ ಕಾಣುತ್ತದೆ. ಈ ಪರೀಕ್ಷೆಗೆ ಕೌಂಟರಿನಲ್ಲಿ ಒಂದು ಗೇಣು ರೇಷ್ಮೆ ಇದ್ದರೆ ಸಾಕು.

ಸೀಮ್‌ಲೆಸ್ ಅಂದರೆ ದಪ್ಪ ಪ್ಯಾಡು ಎಂದು ತಿಳಿಯಬೇಡಿ. ಪ್ಯಾಡಿನ ದಪ್ಪ ಸುತ್ತಳತೆಗೆ ಸೇರುತ್ತದೆ, ರವಿಕೆಯ ಲೆಕ್ಕ ತಪ್ಪಿಸುತ್ತದೆ. ಎದೆ ತುಂಬಿದವರಿಗೆ ತೆಳು ಪದರದ್ದೇ ಸಾಕು. ಹಾಗೆಯೇ "ಬ್ಲೌಸಿಗೇ ಕಪ್ಪು ಹೊಲಿದುಬಿಡಿ, ಒಳಗೆ ಏನೂ ಬೇಡ" ಎನ್ನುವವರೂ ಬರುತ್ತಾರೆ. ಸಣ್ಣ ಎದೆಯವರಿಗೆ, ನಾಲ್ಕು ಗಂಟೆಯ ಕಾರ್ಯಕ್ರಮಕ್ಕೆ ಅದು ನಡೆಯುತ್ತದೆ. ಭಾರ ಇರುವವರಿಗೆ ನಡೆಯುವುದಿಲ್ಲ. ಹೊರುವ ಪಟ್ಟಿಯೇ ಇಲ್ಲದಿರುವಾಗ ಆ ಭಾರ ರವಿಕೆಯ ಭುಜಕ್ಕೆ ಬಿದ್ದು, ಊಟದ ಪಂಕ್ತಿ ಏಳುವ ಹೊತ್ತಿಗೆ ಮುಂಭಾಗ ಜೋತಿರುತ್ತದೆ. ರೇಷ್ಮೆ ರವಿಕೆಯನ್ನು ಪದೇಪದೇ ಒಗೆಯಲಾಗುವುದಿಲ್ಲ, ಒಳಗಿನ ಸ್ಪಂಜು ಬೆವರು ಹಿಡಿದಿಟ್ಟುಕೊಳ್ಳುತ್ತದೆ ಎಂಬುದೂ ಇದೆ.

ಭುಜದಲ್ಲಿ ಪಟ್ಟಿ ಜಾರಿ ಹೊರಗೆ ಕಾಣುವುದಕ್ಕೆ ಪರಿಹಾರ ನಿಮ್ಮಲ್ಲಲ್ಲ, ನನ್ನಲ್ಲಿದೆ. ರವಿಕೆಯ ಭುಜದ ಹೊಲಿಗೆಯ ಒಳಗೆ ಎರಡು ಇಂಚಿನ ತೆಳು ಪಟ್ಟಿ ಇಟ್ಟು, ಒಂದು ತುದಿಯನ್ನು ಹೊಲಿದು ಇನ್ನೊಂದು ತುದಿಗೆ ಪ್ರೆಸ್ ಬಟನ್ ಹಾಕುತ್ತೇನೆ. ಬ್ರಾದ ಪಟ್ಟಿಯನ್ನು ಅದರೊಳಗೆ ಇಟ್ಟು ಒತ್ತಿದರೆ ಮುಗಿಯಿತು. ಹೊಲಿಸುವವರು ಮರೆಯದೆ ಕೇಳಬೇಕು. ಪಿನ್ನು ಚುಚ್ಚಿದರೆ ರೇಷ್ಮೆ ಹರಿಯುತ್ತದೆ.

ಈಗ ಬಣ್ಣದ ಮಾತು. ಬೇಸಿಗೆ ಬಂದರೆ ಗೌರಿಬಿದನೂರು, ಚಿಂತಾಮಣಿಯ ಬಿಸಿಲಿಗೆ ಶಾಲೆಗೆ ಹೋಗುವ ಟೀಚರು, ಬ್ಯಾಂಕಿನ ಹುಡುಗಿ, ಕಾಲೇಜಿನವರು ಎಲ್ಲರೂ ತೆಳು ಹತ್ತಿ ಕುರ್ತಾಕ್ಕೆ ಇಳಿಯುತ್ತಾರೆ. ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ. ನಿಮ್ಮ ಅಂಗಡಿಯಲ್ಲಿ "ಬಿಳಿ ಕುರ್ತಾಕ್ಕೆ ಕೊಡಿ" ಎಂದರೆ ಕೈ ತಾನಾಗಿ ಬಿಳಿ ಬ್ರಾದ ಪೆಟ್ಟಿಗೆಗೆ ಹೋಗುತ್ತದೆ. ಬಿಳಿಯೊಳಗೆ ಬಿಳಿ ಕರಗುತ್ತದೆ ಎಂದು ನೀವೂ ನಂಬಿದ್ದೀರಿ, ಅವರೂ ನಂಬಿದ್ದಾರೆ. ಅಲ್ಲಿ ಕರಗುವುದು ಏನೂ ಇಲ್ಲ.

ಕಾರಣ ಇದು. ಬೆಳಕು ತೆಳು ಬಟ್ಟೆಯ ಮೂಲಕ ಒಳಗೆ ಹೋಗಿ, ಒಳಗಿರುವುದಕ್ಕೆ ತಾಗಿ, ಮತ್ತೆ ಅದೇ ಬಟ್ಟೆಯ ಮೂಲಕ ಹೊರಗೆ ಬರುತ್ತದೆ. ಬಿಳಿ ಬ್ರಾ ತಾಗಿದ ಬೆಳಕನ್ನು ಬಹುಪಾಲು ಹಿಂದಕ್ಕೆ ಕಳಿಸುತ್ತದೆ. ಪಕ್ಕದ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮ ಅಷ್ಟು ಕಳಿಸುವುದಿಲ್ಲ. ಹಾಗಾಗಿ ಕುರ್ತಾದ ಮೇಲೆ ಒಂದು ಕಡೆ ಬೆಳ್ಳಗೆ, ಸುತ್ತಲೂ ಮಂಕಾಗಿ ಕಾಣುತ್ತದೆ. ಕಣ್ಣಿಗೆ ಬೀಳುವುದು ಬ್ರಾದ ಬಣ್ಣವಲ್ಲ, ಬಣ್ಣ ಮುಗಿದು ಚರ್ಮ ಶುರುವಾಗುವ ಗಡಿ. ಗಡಿ ಅಳಿಸಬೇಕಾದರೆ ಬ್ರಾ ಹೋಲಬೇಕಾದ್ದು ಕುರ್ತಾದ ಬಣ್ಣವನ್ನಲ್ಲ, ತೊಟ್ಟವಳ ಮೈಬಣ್ಣವನ್ನು.

ಈ ವಸ್ತುವಿನ ಹೆಸರಾಂತ ಕಥೆಯೊಂದು ಶುರುವಾಗುವುದೂ ಇಂಥ ತೊಂದರೆಯಿಂದಲೇ. ನ್ಯೂಯಾರ್ಕಿನಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಹುಡುಗಿ 1910ರ ಸುಮಾರಿಗೆ ಒಂದು ಔತಣಕ್ಕೆ ತೆಳು ಗೌನು ತೊಟ್ಟಳು. ಒಳಗಿನ ಗಟ್ಟಿ ಕಾರ್ಸೆಟ್ಟು ಬಟ್ಟೆಯಡಿಯಿಂದ ಎದ್ದು ಕಂಡಿತು. ಮನೆಗೆಲಸದವಳ ಕೈಲಿ ಎರಡು ರೇಷ್ಮೆ ಕರವಸ್ತ್ರ, ಗುಲಾಬಿ ರಿಬ್ಬನ್ನು, ಸೂಜಿದಾರ ತರಿಸಿ ಅಲ್ಲೇ ಮೆತ್ತಗಿನ ಒಳಉಡುಪೊಂದನ್ನು ಮಾಡಿಕೊಂಡಳು. 1914ರ ನವೆಂಬರ್ 3ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಮೇಲೆ ಕಾಣಬಾರದೆಂದು ಮಾಡಿಕೊಂಡ ವಸ್ತುವನ್ನು ನೂರಕ್ಕೂ ಹೆಚ್ಚು ವರ್ಷದ ಮೇಲೆ ನಾವು ಮೇಲೆ ಕಾಣುವ ಹಾಗೆ ಮಾರುತ್ತಿದ್ದೇವೆ, ಅದೂ ಪೆಟ್ಟಿಗೆಯ ಬಣ್ಣವೊಂದನ್ನು ಬದಲಿಸಿದರೆ ಸರಿಹೋಗುವ ತಪ್ಪಿನಿಂದ.

"ಸ್ಕಿನ್ ಕಲರ್ ಇಟ್ಟಿದ್ದೀವಲ್ಲ" ಎಂದು ನೀವು ಹೇಳಬಹುದು. ನಿಮ್ಮಲ್ಲಿ ಸ್ಕಿನ್ ಎಂದು ಬರುವುದು ತಿಳಿ ಬಿಸ್ಕತ್ತಿನ ಬಣ್ಣ. ಅದು ತೀರ ಬೆಳ್ಳಗಿರುವವರ ಚರ್ಮ. ನಮ್ಮ ಕಡೆಯ ಬಹುಪಾಲು ಹೆಂಗಸರ ಮೇಲೆ ಅದು ಬಿಳಿಯಷ್ಟಲ್ಲದಿದ್ದರೂ ಎದ್ದೇ ಕಾಣುತ್ತದೆ. ಹಾಲು ಹೆಚ್ಚಿದ ಕಾಫಿ, ಹಾಲು ಕಡಿಮೆಯ ಕಾಫಿ, ಡಿಕಾಕ್ಷನ್, ಈ ಮೂರು ಬಣ್ಣ ಇಟ್ಟರೆ ನಿಮ್ಮ ಕೌಂಟರಿಗೆ ಬರುವ ಬಹಳ ಮಂದಿಗೆ ಹೊಂದಿಕೆ ಸಿಗುತ್ತದೆ. ಡಿಸ್ಟ್ರಿಬ್ಯೂಟರ್ ಬಳಿ ಕಡು ಬಣ್ಣ ಕೇಳಿ ತರಿಸಿಕೊಳ್ಳಿ. ಅದು ಬರುವವರೆಗೆ ಕಪ್ಪುಗೆಂಪು ಮೈಬಣ್ಣದವರಿಗೆ ಮರೂನ್ ಕೊಟ್ಟು ನೋಡಿ. ಕೆಂಪು ಬಿಳಿಯೊಳಗೆ ಎದ್ದು ಕಾಣುತ್ತದೆಂದು ಅನ್ನಿಸುತ್ತದೆ, ಆದರೆ ಗಾಢತೆಯಲ್ಲಿ ಅದು ಕಂದು ಚರ್ಮಕ್ಕೆ ಹತ್ತಿರ ಇರುವುದರಿಂದ ಬಿಳಿಗಿಂತ ಕಡಿಮೆ ಕಾಣುತ್ತದೆ. ತಿಳಿ ಮೈಬಣ್ಣದವರಿಗೆ ಈ ಉಪಾಯ ಬೇಡ.

ಹೊಂದಿಸಿ ನೋಡುವಾಗ ಮುಂಗೈಗೆ ಇಟ್ಟು ನೋಡಬಾರದು. ಹೊಲಕ್ಕೆ ಹೋಗುವವರ, ಸ್ಕೂಟರ್ ಓಡಿಸುವವರ ಮುಂಗೈ ಬಿಸಿಲಿಗೆ ಕಂದಿರುತ್ತದೆ, ಎದೆ ಹೊಟ್ಟೆಯ ಚರ್ಮ ಅದಕ್ಕಿಂತ ತಿಳಿ. ತೋಳಿನ ಒಳಭಾಗ, ಕಂಕುಳ ಹತ್ತಿರದ ಚರ್ಮ ಸರಿಯಾದ ಸಾಕ್ಷಿ. ಅಲ್ಲಿ ಬ್ರಾ ಇಟ್ಟು, ಅರ್ಧ ಬ್ರಾ ಅರ್ಧ ಚರ್ಮ ಮುಚ್ಚುವ ಹಾಗೆ ಕುರ್ತಾದ ಒಂದು ಪದರವನ್ನು ಮೇಲೆ ಹಿಡಿದು ನೋಡಬೇಕು. ಗಡಿ ಹುಡುಕಬೇಕಾಗಿ ಬಂದರೆ ಬಣ್ಣ ಸರಿ, ಹುಡುಕದೆಯೇ ಕಂಡರೆ ತಪ್ಪು. ಟ್ಯೂಬ್‌ಲೈಟಿನ ಕೆಳಗೆ ನೋಡಿದ ಬಣ್ಣವನ್ನು ನಂಬಬೇಡಿ, ಬಾಗಿಲ ಬೆಳಕಿಗೆ ಬನ್ನಿ. ಮನೆಯಲ್ಲಾದರೆ ಫೋನಿನ ಫ್ಲಾಶ್ ಹಾಕಿ ಒಂದು ಫೋಟೋ ತೆಗೆದುಕೊಳ್ಳಬಹುದು. ಕಣ್ಣಿಗೆ ತಪ್ಪಿದ್ದನ್ನು ಫ್ಲಾಶ್ ಹಿಡಿಯುತ್ತದೆ. ಮದುವೆಯ ಆಲ್ಬಂ ಬಂದ ಮೇಲೆ ಅಳುವುದಕ್ಕಿಂತ ಮೊದಲೇ ನೋಡುವುದು ಒಳ್ಳೆಯದು.

ತೀರ ತೆಳುವಾದ ಕುರ್ತಾಕ್ಕೆ ಬಣ್ಣ ಹೊಂದಿದ್ದೂ ಸಾಲುವುದಿಲ್ಲ, ಒಳಗೊಂದು ಶಿಮ್ಮಿ ಬೇಕು. ಅದಕ್ಕೂ ಇದೇ ನಿಯಮ. ಬಿಳಿ ಶಿಮ್ಮಿ ತೊಟ್ಟರೆ ಬ್ರಾದ ಗಡಿ ಮುಚ್ಚುತ್ತದೆ, ಆದರೆ ಕತ್ತು, ತೋಳು, ಕೆಳಅಂಚು ಎಂದು ಮೂರು ಹೊಸ ಗಡಿ ಹುಟ್ಟುತ್ತವೆ. ಮೈಬಣ್ಣದ್ದೇ ಇರಲಿ, ಅದರ ಕತ್ತು ಕುರ್ತಾದ ಕತ್ತಿಗಿಂತ ಒಂದು ಬೆರಳು ಕೆಳಗಿರಲಿ. ಉದ್ದ ಬಹಳ ಮುಖ್ಯ. ಸೊಂಟಕ್ಕೆ ನಿಂತರೆ ಅಂಚು ಹೊಟ್ಟೆಯ ಮೇಲೆ ಗೀಟಾಗಿ ಕಾಣುತ್ತದೆ, ತೊಡೆಗೆ ಇಳಿದರೆ ಕುರ್ತಾದ ಪಕ್ಕದ ಸೀಳಿನಲ್ಲಿ ಇಣುಕುತ್ತದೆ. ಸೀಳು ಶುರುವಾಗುವ ಜಾಗಕ್ಕಿಂತ ಒಂದೆರಡು ಬೆರಳು ಮೇಲೆ ಮುಗಿಯುವುದೇ ಸರಿಯಾದ ಉದ್ದ. ಅಂಚನ್ನು ದಪ್ಪಗೆ ಮಡಿಚಿ ಹೊಲಿಯದೆ ಸಣ್ಣ ಮಡಿಕೆ ಹಾಕಿಸಬೇಕು.

ಒಳ್ಳೆಯದನ್ನೇ ಕೊಂಡರೂ ಅದನ್ನು ಕೆಡಿಸುವುದು ಒಗೆತ. ಪಟ್ಟಿಯಲ್ಲಿರುವ ಎಲಾಸ್ಟಿಕ್ ನೂಲಿಗೆ ಬಿಸಿನೀರು, ಬ್ಲೀಚು, ಇಸ್ತ್ರಿ ಮೂರೂ ಶತ್ರು. ಹಂಡೆಯ ನೀರಿಗೆ ಹಾಕಬೇಡಿ, ಕಲ್ಲಿಗೆ ಬಡಿಯಬೇಡಿ. ತಣ್ಣೀರಲ್ಲಿ ಕೈಯಲ್ಲೇ ಒಗೆದು, ಹಿಂಡದೆ ಒತ್ತಿ, ನೆರಳಲ್ಲಿ ನಡುವಿನಿಂದ ನೇತುಹಾಕಿ. ಭುಜದ ಪಟ್ಟಿಯಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಪಟ್ಟಿ ಎಳೆದುಕೊಳ್ಳುತ್ತದೆ. ತೀರ ಒಳಗಿನ ಹುಕ್ಕಿಗೆ ಹಾಕಿದರೂ ಬೆನ್ನ ಪಟ್ಟಿ ಮೇಲೇರುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಬಟ್ಟೆ ಹರಿದಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ರೇಷ್ಮೆ ರವಿಕೆಯ ಒಳಗೆ ತೊಡಬಾರದು.

ಆ ಮದುವೆಯ ರವಿಕೆ ಏನಾಯಿತು ಎಂದು ಹೇಳಬೇಕು. ಹತ್ತು ದಿನದಲ್ಲಿ ಹೊಸ ಬ್ಲೌಸ್ ಪೀಸು ಸಿಗುವ ಮಾತಿರಲಿಲ್ಲ. ಅವಳ ಅಕ್ಕನನ್ನು ಜೊತೆ ಮಾಡಿ, 34 ಸಿ, ತೆಳು ಪದರದ ಸೀಮ್‌ಲೆಸ್, ಪ್ಯಾಡು ಬೇಡ ಎಂದು ಚೀಟಿ ಬರೆದು ಕಳಿಸಿದೆ. ಎರಡು ಅಂಗಡಿಯಲ್ಲಿ 34 ಬಿ ಕೊಟ್ಟು "ಇದೇ ಆಗುತ್ತೆ ತಗೊಳ್ಳಿ" ಎಂದರಂತೆ. ಮೂರನೆಯದರಲ್ಲಿ ಸಿಕ್ಕಿತು. ಅದರಲ್ಲಿ ಎದೆ ಸುತ್ತಳತೆ 37 ಬಂತು, ಟಕ್ಸ್ ಪಾಯಿಂಟ್ ಒಂಬತ್ತೂ ಮುಕ್ಕಾಲೇ. ಪಕ್ಕದ ಹೊಲಿಗೆಯಲ್ಲಿ ಮಾರ್ಜಿನ್ ಬಿಟ್ಟಿದ್ದರಿಂದ ಎರಡೂ ಕಡೆ ಅರ್ಧರ್ಧ ಇಂಚು ಬಿಚ್ಚಿದೆ. ಕೆಳಗಿನಿಂದ ಏರುವ ಟಕ್ಸನ್ನು ಮುಕ್ಕಾಲು ಇಂಚು ಮೇಲಕ್ಕೆ ಬೆಳೆಸಿದೆ. ಹುಕ್ಕಿನ ಪಟ್ಟಿಯಿಂದ ಅಡ್ಡ ಹೋಗುವ ಟಕ್ಸನ್ನು ಬಿಚ್ಚಿ ಮೇಲೆ ಸರಿಸಲೇಬೇಕಾಯಿತು, ಹಳೆಯ ಹೊಲಿಗೆಯ ಸೂಜಿತೂತುಗಳು ರೇಷ್ಮೆಯ ಮೇಲೆ ಹಾಗೆಯೇ ಉಳಿದವು. ರೇಷ್ಮೆ ಒಮ್ಮೆ ಚುಚ್ಚಿಸಿಕೊಂಡದ್ದನ್ನು ಮರೆಯುವುದಿಲ್ಲ. ಸೆರಗು ಆ ಜಾಗವನ್ನು ಮುಚ್ಚಿತು. ಬೆನ್ನ ಪಟ್ಟಿ ರವಿಕೆಯೊಳಗೆ ಅಡಗಿತು. ಮುಹೂರ್ತದ ಹೊತ್ತಿಗೆ ಯಾರಿಗೂ ಏನೂ ಕಾಣಲಿಲ್ಲ, ನನ್ನ ಕಣ್ಣಿಗೆ ಮಾತ್ರ ಆ ತೂತುಗಳ ಸಾಲು ಕಾಣುತ್ತಿತ್ತು.

ಆ ಸಾಲು ಇರಬೇಕಾಗಿರಲಿಲ್ಲ. ಅವಳು ಮೊದಲು ನಿಮ್ಮಲ್ಲಿಗೆ ಬಂದು ಸರಿಯಾದ ಬ್ರಾ ಕೊಂಡು, ಅದನ್ನೇ ತೊಟ್ಟು ನನ್ನಲ್ಲಿಗೆ ಅಳತೆ ಕೊಡಲು ಬಂದಿದ್ದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಎಲ್ಲರೂ ಮಾಡುವುದು ಇದರ ತಿರುಗುಮುರುಗು: ಸೀರೆ, ಆಮೇಲೆ ರವಿಕೆ, ಕಟ್ಟಕಡೆಗೆ ಮದುವೆಯ ಹಿಂದಿನ ದಿನ ಬ್ರಾ.

ಆದ್ದರಿಂದ ನಿಮ್ಮಲ್ಲಿ ಮೂರು ವಿನಂತಿ. ಕೌಂಟರಿನಲ್ಲಿ ಒಂದು ಟೇಪು, ಅದನ್ನು ಹಿಡಿಯಲು ಒಬ್ಬ ಹೆಂಗಸು, ಅವಳೂ ಕೊಳ್ಳುವವಳೂ ನಿಲ್ಲಲು ಪರದೆಯ ಹಿಂದೆ ಮೂರಡಿ ಜಾಗ ಇರಲಿ. "ಸೈಜು?" ಎಂದು ಕೇಳುವ ಬದಲು "ಅಳತೆ ತೆಗೆಯೋಣವಾ ಅಕ್ಕ?" ಎಂದು ಆ ಹೆಂಗಸೇ ಕೇಳಲಿ. ಎರಡನೆಯದು, ಬಿಳಿ ಬ್ರಾ ತರಿಸುವ ದುಡ್ಡಿನಲ್ಲಿ ಅರ್ಧದಷ್ಟನ್ನು ಕಾಫಿ ಬಣ್ಣಗಳಿಗೆ, ಮತ್ತು ಬಿ ಮಾತ್ರವಲ್ಲದೆ ಸಿ, ಡಿ ಕಪ್ಪುಗಳಿಗೆ ಹಾಕಿ. ಇಲ್ಲದ ಸೈಜಿಗೆ ಇದ್ದದ್ದನ್ನು ಒಪ್ಪಿಸಬೇಡಿ. ತರಿಸಿಕೊಡುತ್ತೇನೆ ಎನ್ನಿ, ಅವರು ಕಾಯುತ್ತಾರೆ. ಮೂರನೆಯದು, ಪ್ಯಾಕೆಟ್ ಬಿಚ್ಚಲು ಬಿಡಿ. ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಗೂಡನ್ನು ಕೈಗೆತ್ತಿಕೊಂಡು, ಅಲುಗಿಸಿ, ಒತ್ತಿ ನೋಡಿಯೇ ಬೆಲೆ ಹೇಳುತ್ತಾರೆ. ಮೈಗೆ ತಾಗುವ ಬಟ್ಟೆಯನ್ನು ಮುಟ್ಟದೆ ಕೊಳ್ಳಬೇಕೆನ್ನುವುದು ಯಾವ ನ್ಯಾಯ?

ನನ್ನ ಕಡೆಯಿಂದ ನಾನು ಒಂದು ಮಾಡುತ್ತೇನೆ. ಇನ್ನು ಮೇಲೆ ರವಿಕೆಯ ಅಳತೆ ತೆಗೆಯುವ ಮೊದಲು, ಅದನ್ನು ಉಡುವ ದಿನ ಒಳಗೆ ಏನು ತೊಡುತ್ತೀರೋ ಅದನ್ನೇ ತೊಟ್ಟು ಬನ್ನಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಇಲ್ಲದಿದ್ದರೆ ಎರಡು ಅಳತೆ ಬರೆದ ಚೀಟಿ ಕೈಗಿಟ್ಟು ನಿಮ್ಮಲ್ಲಿಗೆ ಕಳಿಸುತ್ತೇನೆ. ಆ ಚೀಟಿ ಹಿಡಿದು ಒಬ್ಬಳು ಬಾಗಿಲಲ್ಲಿ ನಿಂತಾಗ, ಅವಳ ರೇಷ್ಮೆಗೆ ನಾನಿನ್ನೂ ಕತ್ತರಿ ಹಾಕಿಲ್ಲ ಎಂದು ತಿಳಿಯಿರಿ.

ಇತಿ,
ಚಿಕ್ಕಬಳ್ಳಾಪುರದ ಒಬ್ಬ ರವಿಕೆ ಹೊಲಿಯುವವಳು